ಚಾಳೀಸು ಹೇಳುವ ವಯಸ್ಸು

ನಮ್ಮ ಮನೆಯ ಹಿರಿಯರು ಓದುವ ಕನ್ನಡಕವನ್ನು ಕನ್ನಡಕ ಎನ್ನುತ್ತಿರಲಿಲ್ಲ, ಚಾಳೀಸು ಎನ್ನುತ್ತಿದ್ದರು. "ನನ್ನ ಚಾಳೀಸು ಎಲ್ಲಿಟ್ಟೆ ನೋಡೋ" ಎಂದು ಅಜ್ಜ ಪಂಚಾಂಗ ಹಿಡಿದು ಕೂಗುತ್ತಿದ್ದಾಗ ಅದು ಆ ವಸ್ತುವಿನ ಹೆಸರೆಂದೇ ನಾನು ತಿಳಿದಿದ್ದೆ. ಹಿಂದಿಯಲ್ಲಿ ನಲವತ್ತು ಎಣಿಸಲು ಕಲಿತ ದಿನ ನಗು ಬಂತು. ಹಾಕಿಕೊಂಡವರ ವಯಸ್ಸನ್ನೇ ಹೆಸರಾಗಿ ಹೊತ್ತ ವಸ್ತು ಅದು. ಮರಾಠಿಯವರ ಚಾಳಿಶಿಯೂ ಇದೇ.

ಕಣ್ಣಿನ ನಂಬರ್ ತೆಗೆಯುವುದು ನನ್ನ ಕಸುಬು. ಆಪ್ಟೊಮೆಟ್ರಿಸ್ಟ್ ಎಂಬ ಪದ ಯಾರ ಬಾಯಲ್ಲೂ ತಿರುಗುವುದಿಲ್ಲವಾದ್ದರಿಂದ ಹಳ್ಳಿಗಳಲ್ಲಿ "ಡಾಕ್ಟ್ರೇ" ಎನ್ನುತ್ತಾರೆ, ತಿದ್ದಿ ತಿದ್ದಿ ಸಾಕಾಗಿ ಈಗ ಸುಮ್ಮನಿದ್ದೇನೆ. ಇಪ್ಪತ್ತು ವರ್ಷಗಳಲ್ಲಿ ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಪಾವಗಡ ಕಡೆಯ ಎಷ್ಟೋ ಕಣ್ಣಿನ ಶಿಬಿರಗಳಲ್ಲಿ ಕುಳಿತಿದ್ದೇನೆ. ಶಿಬಿರದ ರಿಜಿಸ್ಟರಿನಲ್ಲಿ ಹೆಸರಾದ ಮೇಲೆ ವಯಸ್ಸಿನ ಕಾಲಂ. ಪೇಚಾಟ ಶುರುವಾಗುವುದು ಅಲ್ಲೇ.

"ವಯಸ್ಸೆಷ್ಟಜ್ಜಿ?"

"ನಂಗೇನ್ ಗೊತ್ತಪ್ಪ, ನೀನೇ ನೋಡಿ ಬರ್ಕೊ."

ಕಾರ್ಡು ತೋರಿಸಿದರೂ ಅದನ್ನು ಪೂರ್ತಿ ನಂಬುವ ಹಾಗಿಲ್ಲ. ನಮ್ಮ ರಾಜ್ಯದಲ್ಲಿ ಒಂದು ತಲೆಮಾರಿನ ಅರ್ಧ ಜನ ಜೂನ್ 1ರಂದೇ ಹುಟ್ಟಿದ್ದಾರೇನೋ ಅನ್ನಿಸುತ್ತದೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ವಯಸ್ಸಿನ ನಿಯಮಕ್ಕೆ ಸರಿಹೊಂದುವ ಇಸವಿ ಹಾಕಿ, ಶಾಲೆ ತೆರೆಯುವ ತಿಂಗಳ ಮೊದಲ ತಾರೀಖು ಬರೆದ ಪುಣ್ಯ. ಶಾಲೆಯ ಮೆಟ್ಟಿಲು ಹತ್ತದವರಿಗೆ ಆ ತಾರೀಖೂ ಇಲ್ಲ. "ದೊಡ್ಡ ಬರ ಬಂದಾಗ ನಾನು ಮೊಣಕೈಯುದ್ದ ಇದ್ದೆ" ಎಂಬುದೇ ಅವರ ಜನನ ಪತ್ರ.

ಹೀಗಾಗಿ ನಾವು ಶಿಬಿರದವರು ಒಂದು ಆಟ ಕಲಿತೆವು. ರಿಜಿಸ್ಟರ್ ನೋಡದೆ, ಓದುವ ನಂಬರ್ ತೆಗೆದು ವಯಸ್ಸು ಹೇಳುವ ಆಟ. ಪ್ಲಸ್ ಒಂದು ಬಂದರೆ ನಲವತ್ತೈದರ ಹತ್ತಿರ, ಒಂದೂವರೆ ಬಂದರೆ ಐವತ್ತರ ಹತ್ತಿರ, ಎರಡು ಬಂದರೆ ಐವತ್ತೈದು, ಎರಡೂವರೆ ಬಂದರೆ ಅರವತ್ತು. ಎದುರು ಕೂತವರು "ಅಯ್ಯೋ, ನಿಮಗೆಂಗೆ ಗೊತ್ತಾಯ್ತು!" ಎಂದು ಬೆರಗಾಗುವುದನ್ನು ನೋಡುವುದು ಒಂಥರಾ ಖುಷಿ. ಗಿಣಿಶಾಸ್ತ್ರದವನ ಖುಷಿ ಎಂದರೂ ತಪ್ಪಿಲ್ಲ. ಆ ಖುಷಿ ಒಮ್ಮೆ ನನ್ನ ಮುಖಕ್ಕೇ ಹೊಡೆಯಿತು. ಅದನ್ನು ಹೇಳುವ ಮೊದಲು ಈ ಶಾಸ್ತ್ರ ನಡೆಯುವುದು ಹೇಗೆ ಎಂದು ಹೇಳಬೇಕು.

ಕಣ್ಣಿನೊಳಗೆ ಒಂದು ಮಸೂರ ಇದೆ. ಅಡ್ಡಳತೆ ಸುಮಾರು ಒಂಬತ್ತು ಮಿಲಿಮೀಟರ್, ದಪ್ಪ ನಾಲ್ಕರ ಆಸುಪಾಸು. ಅದರ ಸುತ್ತ ಬಳೆಯಂತೆ ಒಂದು ಸ್ನಾಯು, ಎರಡರ ನಡುವೆ ಸಣ್ಣ ಸಣ್ಣ ಎಳೆಗಳು. ದೂರ ನೋಡುವಾಗ ಎಳೆಗಳು ಬಿಗಿದು ಮಸೂರವನ್ನು ಚಪ್ಪಟೆಯಾಗಿ ಎಳೆದಿಡುತ್ತವೆ. ಹತ್ತಿರದ್ದನ್ನು ನೋಡಬೇಕೆಂದಾಗ ಸ್ನಾಯು ಸಂಕುಚಿಸುತ್ತದೆ, ಬಳೆ ಕಿರಿದಾಗುತ್ತದೆ, ಎಳೆಗಳು ಸಡಿಲಾಗುತ್ತವೆ, ಮಸೂರ ತನ್ನಷ್ಟಕ್ಕೆ ಉಬ್ಬಿ ದುಂಡಗಾಗುತ್ತದೆ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ವಿವರಿಸಿದ್ದು ಹೀಗೆ, ಇವತ್ತಿಗೂ ಪಾಠ ಇದೇ.

ಇದರಲ್ಲಿ ಮುದಿಯಾಗುವುದು ಮಸೂರ. ಸ್ನಾಯುವಿನ ಬಲ ನಲವತ್ತಕ್ಕೆ ಕುಂದಿಬಿಡುತ್ತದೆ ಎಂದು ಬಹಳ ಜನ ತಿಳಿದು ಕಣ್ಣಿಗೆ ವ್ಯಾಯಾಮ ಮಾಡಿಸುತ್ತಾರೆ. ಆದರೆ ಸ್ನಾಯು ತನ್ನ ಕೆಲಸ ಮಾಡುತ್ತಲೇ ಇರುತ್ತದೆ, ಮಸೂರ ಮಾತು ಕೇಳುವುದಿಲ್ಲ. ಚರ್ಮವಾದರೆ ಹಳೆಯ ಜೀವಕೋಶಗಳನ್ನು ಉದುರಿಸುತ್ತದೆ. ಮಸೂರ ಏನನ್ನೂ ಬಿಸಾಡುವುದಿಲ್ಲ. ಹೊಸ ಪದರಗಳು ಹೊರಗಿನಿಂದ ಸೇರುತ್ತಾ ಹೋಗುತ್ತವೆ, ಹಳೆಯವು ಒಳಗೊಳಗೇ ಒತ್ತಿಕೊಂಡು ಗಟ್ಟಿಯಾಗುತ್ತವೆ. ತಿಪಟೂರಿನ ಕಡೆಯವರಿಗೆ ಹೇಳುವಾಗ ನಾನು ಎಳನೀರಿನ ಗಂಜಿಯ ಮಾತೆತ್ತುತ್ತೇನೆ. ಎಳೆಯ ಕಾಯಲ್ಲಿ ಚಮಚಕ್ಕೆ ಬಳುಕುವ ಆ ತೆಳು ಗಂಜಿಯೇ ಬಲಿತು ಕಾಯಾಗಿ, ಒಣಗಿ ಕೊಬ್ಬರಿಯಾದ ಮೇಲೆ ಬಗ್ಗಿಸಲು ಹೋದರೆ ಮುರಿಯುತ್ತದೆ. ಮಸೂರ ಮುರಿಯುವುದಿಲ್ಲ ಎಂಬುದೊಂದೇ ವ್ಯತ್ಯಾಸ.

ಇಷ್ಟಕ್ಕೇ ನಿಂತಿದ್ದರೆ ಇದರಿಂದ ವಯಸ್ಸು ಹೇಳಲು ಆಗುತ್ತಿರಲಿಲ್ಲ. ಕೂದಲೂ ನರೆಯುತ್ತದೆ, ಮಂಡಿಯೂ ಸವೆಯುತ್ತದೆ, ಅವು ಒಬ್ಬೊಬ್ಬರಲ್ಲಿ ಒಂದೊಂದು ವೇಗ. ಮಸೂರದ ವಿಶೇಷವೆಂದರೆ ಅದು ಬಹುಪಾಲು ಒಂದೇ ಲಯದಲ್ಲಿ ಬಿಗಿಯುತ್ತದೆ. ಆ ಲಯ ನಲವತ್ತಕ್ಕೆ ಶುರುವಾಗುವುದೂ ಅಲ್ಲ. ಹತ್ತು ವರ್ಷದ ಹುಡುಗ ಪುಸ್ತಕವನ್ನು ಮೂಗಿಗೆ ತಾಗುವಷ್ಟು, ಆರೇಳು ಸೆಂಟಿಮೀಟರ್ ಹತ್ತಿರ ಹಿಡಿದರೂ ಅಕ್ಷರ ಕಾಣುತ್ತದೆ. ಇಪ್ಪತ್ತರಲ್ಲಿ ಆ ದೂರ ಎಂಟು ಸೆಂಟಿಮೀಟರ್. ನಲವತ್ತರಲ್ಲಿ ಹದಿನೈದು. ಅಷ್ಟು ಹತ್ತಿರ ಹಿಡಿದು ಓದುವವರು ಯಾರೂ ಇಲ್ಲದ್ದರಿಂದ ಮೂವತ್ತು ವರ್ಷ ನಡೆದ ಈ ನಷ್ಟ ಯಾರ ಗಮನಕ್ಕೂ ಬರುವುದಿಲ್ಲ. ಕೆರೆ ಬೇಸಿಗೆಯುದ್ದಕ್ಕೂ ಇಳಿಯುತ್ತಿದ್ದರೂ ತೂಬಿಗೆ ನೀರು ಎಟುಕದ ದಿನವೇ ಊರಿಗೆ ಗೊತ್ತಾಗುವಂತೆ, ನಲವತ್ತು ದಾಟಿದ ಮೇಲೆ ಒಂದು ದಿನ ಆ ದೂರ ನಾವು ಪತ್ರಿಕೆ ಹಿಡಿಯುವ ದೂರಕ್ಕೆ ಸಮೀಪಿಸುತ್ತದೆ.

ಈ ಇಳಿತವನ್ನು ನೆದರ್‌ಲ್ಯಾಂಡ್ಸ್‌ನ ದೊಂದರ್ಸ್ 1864ರಲ್ಲೇ ವಯಸ್ಸುವಾರು ಬರೆದಿಟ್ಟ. ಅವನ ಮತ್ತು ಆಮೇಲೆ ಬಂದ ಅಮೆರಿಕದ ಡ್ವೇನ್‌ನ ಅಳತೆಗಳನ್ನು ಸೇರಿಸಿ ಹಾಫ್‌ಸ್ಟೆಟರ್ ಎಂಬಾತ ಬಾಯಿಪಾಠಕ್ಕೆ ಬರುವಂಥ ಸೂತ್ರ ಮಾಡಿದ. ನಾವೆಲ್ಲ ಓದಿದ್ದು ಅದನ್ನೇ. ಸರಾಸರಿ ಕಣ್ಣಿನ ಹತ್ತಿರ ನೋಡುವ ಶಕ್ತಿ ಎಂದರೆ ಹದಿನೆಂಟೂವರೆಯಿಂದ ವಯಸ್ಸಿನ 0.3 ಪಾಲನ್ನು ಕಳೆದಷ್ಟು. ಸೂತ್ರಕ್ಕೆ ಇನ್ನೊಂದು ತುದಿಯೂ ಇದೆ: ಆರೋಗ್ಯವಂತ ಕಣ್ಣಿಗೆ ಕಡಿಮೆಯೆಂದರೂ ಇಷ್ಟಿರಬೇಕು ಎನ್ನುವ ಕನಿಷ್ಠ ಲೆಕ್ಕ, ಹದಿನೈದರಿಂದ ವಯಸ್ಸಿನ ಕಾಲು ಭಾಗ ಕಳೆಯುವುದು.

ಶಕ್ತಿಯ ಅಳತೆ ಡಯಾಪ್ಟರ್. ಹೆದರಬೇಕಾದ್ದೇನಿಲ್ಲ, ನೂರನ್ನು ಸೆಂಟಿಮೀಟರಿನಿಂದ ಭಾಗಿಸಿದರೆ ಆಯಿತು. ಪತ್ರಿಕೆ ಹಿಡಿಯುವ ನಲವತ್ತು ಸೆಂಟಿಮೀಟರಿಗೆ ಬೇಕಾದ ಶಕ್ತಿ ಎರಡೂವರೆ. ಹಾಗಾದರೆ ಸೂತ್ರದ ಪ್ರಕಾರ ನಲವತ್ತೈದು ವರ್ಷದವರಲ್ಲಿ ಐದು ಡಯಾಪ್ಟರ್ ಉಳಿದಿರುವಾಗ ಓದಲು ಕಷ್ಟವೇಕೆ? ಇರುವ ಶಕ್ತಿಯನ್ನೆಲ್ಲ ಹಾಕಿ ಹೆಚ್ಚು ಹೊತ್ತು ದುಡಿಯಲು ಆಗುವುದಿಲ್ಲ, ಅದಕ್ಕೇ. ಒಂದು ಚೀಲ ಸಿಮೆಂಟನ್ನು ಹೆಗಲಿಗೇರಿಸಿ ನಾಲ್ಕು ಹೆಜ್ಜೆ ಇಡಬಲ್ಲವನಿಗೆ ಅದನ್ನೇ ಹೊತ್ತು ಮಧ್ಯಾಹ್ನದವರೆಗೆ ನಿಲ್ಲು ಎಂದರೆ ಆದೀತೇ? ಅರ್ಧ ಶಕ್ತಿ ಮೀಸಲಿದ್ದರೆ ಮಾತ್ರ ಕಣ್ಣು ದಣಿಯದೆ ಓದುತ್ತದೆ ಎಂಬುದು ನಮ್ಮ ಹಳೆಯ ರೂಢಿ. ಎರಡೂವರೆಯಿಂದ, ಉಳಿದಿರುವ ಶಕ್ತಿಯ ಅರ್ಧವನ್ನು ಕಳೆದರೆ ಎಷ್ಟು ಬರುತ್ತದೋ ಅದೇ ಚಾಳೀಸಿನ ನಂಬರ್. ಸರಾಸರಿ ಲೆಕ್ಕದಲ್ಲಿ ನಲವತ್ತೈದಕ್ಕೆ ಅದು ಸೊನ್ನೆ, ಐವತ್ತಕ್ಕೆ ಮುಕ್ಕಾಲು. ಕನಿಷ್ಠ ಲೆಕ್ಕದಲ್ಲಿ ನಲವತ್ತೈದಕ್ಕೇ ಅರ್ಧ ದಾಟುತ್ತದೆ, ಐವತ್ತಕ್ಕೆ ಒಂದೂಕಾಲು. ನನ್ನ ಅನುಭವದಲ್ಲಿ ನಮ್ಮ ಶಿಬಿರಗಳಿಗೆ ಬರುವ ಕಣ್ಣುಗಳು ಸರಾಸರಿಗಿಂತ ಕನಿಷ್ಠದ ಕಡೆಗೇ ವಾಲುತ್ತವೆ, ಕೆಲವೊಮ್ಮೆ ಅದಕ್ಕಿಂತಲೂ ಮುಂದೆ ಓಡುತ್ತವೆ. ಬಿಸಿಲು ನಾಡಿನವರಿಗೆ ಚಾಳೀಸು ಬೇಗ ಬರುತ್ತದೆ ಎಂದು ಹಿಂದಿನಿಂದಲೂ ಗಮನಿಸಿದ್ದಾರೆ, ಕಾರಣದ ಬಗ್ಗೆ ಮಾತ್ರ ಒಮ್ಮತವಿಲ್ಲ.

ಈಗ ನನ್ನ ಅವಮಾನದ ಕಥೆ.

ಮಧುಗಿರಿ ಕಡೆಯ ಒಂದು ಹಳ್ಳಿಯ ಶಿಬಿರ. ಗಾರ್ಮೆಂಟ್ಸ್‌ಗೆ ಹೋಗುವ ಏಳೆಂಟು ಹೆಂಗಸರು ಒಟ್ಟಿಗೇ ಬಂದಿದ್ದರು. ಅವರಲ್ಲಿ ಒಬ್ಬಾಕೆ ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ, ಸಂಜೆಯಾದರೆ ಹಣೆ ಸಿಡಿಯುತ್ತದೆ ಎಂದರು. ದೂರದ ಚಾರ್ಟನ್ನು ಕೊನೆಯ ಸಾಲಿನವರೆಗೆ ಸಲೀಸಾಗಿ ಓದಿದರು. ಹತ್ತಿರದ ಅಕ್ಷರ ತೋರಿಸಿ ನಿಧಾನವಾಗಿ ಮುಖದ ಕಡೆಗೆ ತಂದೆ. ಇಪ್ಪತ್ತೈದು ಸೆಂಟಿಮೀಟರಿಗೆ ಬರುತ್ತಲೇ "ಮಸುಕು" ಎಂದರು. ಅಂದರೆ ನಾಲ್ಕು ಡಯಾಪ್ಟರ್. ಸೂತ್ರಕ್ಕೆ ಹಾಕಿದರೆ ಸರಾಸರಿ ಲೆಕ್ಕದಲ್ಲಿ ನಲವತ್ತೆಂಟು. ಕೈಗೆ ಸಿಕ್ಕ ಪ್ಲಸ್ 1.75 ಹಿಡಿದೆ, "ಆಹಾ, ಈಗ ಚೆಂದ ಕಾಣ್ತದೆ" ಎಂದರು. 1.75 ಅಂದರೆ ಐವತ್ತು ಮೀರಿದ ನಂಬರ್. ಹಿಂದೆ ನಿಂತ ಗೆಳತಿಯರು ಕೇಳಲಿ ಎಂದೇ ನಾನು ಗಟ್ಟಿಯಾಗಿ, "ಏನಮ್ಮ, ಐವತ್ತಾಯ್ತಾ?" ಎಂದೆ.

ಹಿಂದಿನಿಂದ ಗೊಳ್ಳೆಂದು ನಗು. "ಮೂವತ್ತೆಂಟು ಅಂತ ಬರ್ಸವ್ಳೆ ಸಾರ್, ಕಳ್ಳಿ!" ಎಂದು ಒಬ್ಬಳು ಕಾಲೆಳೆದಳು. ಈಕೆಯ ಮುಖ ಕೆಂಪಾಯಿತು. "ನಮ್ಮಪ್ಪನಾಣೆ, ನಂಗೆ ಮೂವತ್ತೆಂಟೇ. ಆಸ್ಪತ್ರೇಲಿ ಹುಟ್ಟಿದೋಳು ನಾನು, ಚೀಟಿ ಐತೆ" ಎಂದರು. ಕಣ್ಣಲ್ಲಿ ನೀರೇ ಬಂತು.

ಆಗ ಹೊಳೆಯಿತು, ನಾನು ಮಾಡಬೇಕಾದ ಕೆಲಸದಲ್ಲಿ ಅರ್ಧವನ್ನೇ ಮಾಡಿದ್ದೆ. ದೂರ ಚೆನ್ನಾಗಿ ಕಾಣುವವರಿಗೆ ದೂರದ ನಂಬರ್ ಇಲ್ಲ ಎಂದುಕೊಳ್ಳುವುದು ಈ ಕಸುಬಿನಲ್ಲಿ ಮೊದಲ ವರ್ಷದವರು ಮಾಡುವ ತಪ್ಪು. ಹುಟ್ಟಿನಿಂದಲೇ ಸ್ವಲ್ಪ ಪ್ಲಸ್ ಇರುವ ಕಣ್ಣು ದೂರ ನೋಡುವಾಗಲೂ ಮಸೂರವನ್ನು ಉಬ್ಬಿಸಿಯೇ ನೋಡುತ್ತದೆ. ಬೇರೆಯವರ ಕಣ್ಣು ವಿಶ್ರಾಂತಿ ಪಡೆಯುವ ಹೊತ್ತಿನಲ್ಲೂ ಅದು ದುಡಿಯುತ್ತಿರುತ್ತದೆ, ಚಾರ್ಟನ್ನು ಮಾತ್ರ ಪೂರ್ತಿ ಓದುತ್ತದೆ. ಇದನ್ನು ಪತ್ತೆ ಮಾಡಲು ಮೊದಲು ಜಾಸ್ತಿ ಪ್ಲಸ್ ಇಟ್ಟು ದೂರವನ್ನು ಬೇಕೆಂದೇ ಮಸುಕು ಮಾಡಬೇಕು. ಆಗ ಉಬ್ಬಿಸಿದಷ್ಟೂ ಇನ್ನಷ್ಟು ಮಸುಕಾಗುವುದರಿಂದ ಕಣ್ಣು ದುಡಿಮೆ ಬಿಡುತ್ತದೆ. ಆಮೇಲೆ ಕಾಲು ಕಾಲು ಇಳಿಸುತ್ತಾ ಬಂದು, ಕೊನೆಯ ಸಾಲು ಮತ್ತೆ ಕಾಣುವ ಮೊದಲ ನಂಬರಿಗೆ ನಿಲ್ಲಬೇಕು.

ಕೂರಿಸಿ ಹಾಗೆಯೇ ಮಾಡಿದೆ. ಎರಡೂ ಕಣ್ಣಿಗೆ ಪ್ಲಸ್ 1.75 ಇಟ್ಟರೂ ದೂರದ ಕೊನೆಯ ಸಾಲು ಕಂಡಿತು. ಅಷ್ಟನ್ನೂ ಆಕೆ ಬರಿಗಣ್ಣಲ್ಲಿ ತನ್ನ ಮಸೂರದಿಂದಲೇ ತುಂಬಿಕೊಳ್ಳುತ್ತಿದ್ದರು. ಅಂದಮೇಲೆ ಆಕೆಯ ನಿಜವಾದ ಶಕ್ತಿ ನಾನು ಅಳೆದ ನಾಲ್ಕಕ್ಕೆ ಈ 1.75 ಸೇರಿಸಿದಷ್ಟು, 5.75. ಈಗ ಸೂತ್ರಕ್ಕೆ ಹಾಕಿದರೆ ಸರಾಸರಿ ಲೆಕ್ಕದಲ್ಲಿ ನಲವತ್ತೆರಡೂವರೆ, ಕನಿಷ್ಠ ಲೆಕ್ಕದಲ್ಲಿ ಮೂವತ್ತೇಳು. ಆಕೆ ಹೇಳಿದ ಮೂವತ್ತೆಂಟು ಇವೆರಡರ ನಡುವೆ ನೆಟ್ಟಗೆ ಕೂತಿತ್ತು.

ಇನ್ನೂ ಒಂದು ಮಜ ಇತ್ತು. 5.75ರ ಅರ್ಧ ಎರಡೂಮುಕ್ಕಾಲಿಗಿಂತ ಹೆಚ್ಚು. ಓದಲು ಬೇಕಾದ ಎರಡೂವರೆಗೆ ಅದು ಧಾರಾಳ. ಎಂದರೆ ಆಕೆಗೆ ಚಾಳೀಸು ಬಂದೇ ಇರಲಿಲ್ಲ! ಬರಿಗಣ್ಣಲ್ಲಿ ಓದಬೇಕಾದರೆ ಎರಡೂವರೆಯ ಮೇಲೆ ಆ 1.75ನ್ನೂ ಹೊರಬೇಕು, ಒಟ್ಟು 4.25. ಸಂಜೆ ಹಣೆ ಸಿಡಿಯದೆ ಇನ್ನೇನು? ಬೇಕಿದ್ದದ್ದು ದಿನವಿಡೀ ಹಾಕಿಕೊಳ್ಳುವ, ದೂರಕ್ಕೂ ಹತ್ತಿರಕ್ಕೂ ಒಂದೇ ನಂಬರಿನ ಸಾದಾ ಕನ್ನಡಕ. ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ಅದೇ ನಂಬರಿನ ರೆಡಿಮೇಡ್ ಕನ್ನಡಕವನ್ನು ಓದಲು ಮಾತ್ರ ಹಾಕಿಕೊಂಡಿದ್ದರೂ ಸೂಜಿಗೆ ದಾರ ಹೋಗುತ್ತಿತ್ತು, ಐವತ್ತಾಯಿತೆಂಬ ಮಾತೂ ಊರಲ್ಲಿ ಉಳಿಯುತ್ತಿತ್ತು.

ಗೆಳತಿಯರ ಮುಂದೆಯೇ "ನನ್ನದೇ ತಪ್ಪಮ್ಮ, ನಿಮಗೆ ಮೂವತ್ತೆಂಟೇ" ಎಂದೆ. ಅವರು ಒಪ್ಪಿದರೋ ಇಲ್ಲವೋ. ನಗೆ ಹರಡಿದಷ್ಟು ಬೇಗ ತಿದ್ದುಪಡಿ ಹರಡುವುದಿಲ್ಲ.

ಇದರ ತಿರುಗುಮುರುಗು ಮೈನಸ್ ನಂಬರಿನವರದು. ಮೈನಸ್ ಎರಡೂವರೆ ಇರುವವರು ಕನ್ನಡಕ ತೆಗೆದರೆ ಸಾಕು, ನಲವತ್ತು ಸೆಂಟಿಮೀಟರಿನ ಅಕ್ಷರ ಎಂಬತ್ತು ವರ್ಷಕ್ಕೂ ಕಾಣುತ್ತದೆ. ಐವತ್ತೈದರ ಮೇಷ್ಟ್ರೊಬ್ಬರು ಹಣೆಯ ಮೇಲೆ ಕನ್ನಡಕ ಏರಿಸಿಕೊಂಡು ಉತ್ತರ ಪತ್ರಿಕೆ ತಿದ್ದುತ್ತಾ "ನನಗಿನ್ನೂ ಚಾಳೀಸು ಬಂದಿಲ್ಲ" ಎಂದರೆ ನಂಬಬೇಡಿ. ಬಂದಿದೆ. ಅವರ ಮೈನಸ್ ಅದನ್ನು ಮುಚ್ಚಿಟ್ಟಿದೆ, ಅಷ್ಟೇ. ವಯಸ್ಸನ್ನು ಹೇಳುವುದು ಮೂಗಿನ ಮೇಲಿನ ಗಾಜಿನ ನಂಬರ್ ಆಗಿರದೆ, ದೂರದ ನಂಬರಿಗೂ ಹತ್ತಿರದ ನಂಬರಿಗೂ ಇರುವ ಅಂತರವಾಗಿರುತ್ತದೆ. ಚೀಟಿಯಲ್ಲಿ ನಾವು ‘ಆಡ್’ ಎಂದು ಬರೆಯುವುದು ಅದನ್ನೇ. ನಿಮ್ಮ ಬೈಫೋಕಲ್ ಚೀಟಿ ಮನೆಯಲ್ಲಿದ್ದರೆ ಆ ಕಾಲಂ ನೋಡಿ.

ಆ ಅಂತರವನ್ನೇ ನೋಡಿದರೂ ಅದು ಮಾತಾಡುವ ಕಾಲ ಸಣ್ಣದು. ನಲವತ್ತೈದರಿಂದ ಅರವತ್ತರ ಹದಿನೈದು ವರ್ಷಗಳಲ್ಲಿ ನಂಬರ್ ಒಂದರಿಂದ ಎರಡೂವರೆಗೆ ಏರುತ್ತದೆ. ಎರಡೂವರೆ ವರ್ಷಕ್ಕೆ ಒಂದು ಕಾಲು ಎಂದಾಯಿತು. ಅದಕ್ಕಿಂತ ಸಣ್ಣ ಮೆಟ್ಟಿಲು ನಮ್ಮ ಪೆಟ್ಟಿಗೆಯಲ್ಲಿ ಇಲ್ಲ, ಜೊತೆಗೆ ಒಬ್ಬರಿಗೂ ಇನ್ನೊಬ್ಬರಿಗೂ ನಾಲ್ಕೈದು ವರ್ಷದ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಐವತ್ತೆರಡೋ ಐವತ್ತಮೂರೋ ಎಂದು ಇದರಿಂದ ಹೇಳಲು ಹೊರಟವನು ಸುಳ್ಳುಗಾರ.

ಅರವತ್ತರ ನಂತರ ಪೂರ್ತಿ ಮೌನ. ಮಸೂರದ ಶಕ್ತಿ ಸೊನ್ನೆಯಾದ ಮೇಲೆ ಇನ್ನು ಕಳೆದುಕೊಳ್ಳಲು ಏನಿದೆ? ನಲವತ್ತು ಸೆಂಟಿಮೀಟರಿಗೆ ಬೇಕಾದ ಎರಡೂವರೆಯನ್ನು ಪೂರ್ತಿ ಗಾಜೇ ಕೊಡುತ್ತದೆ, ನಂಬರ್ ಅಲ್ಲಿಗೆ ನಿಲ್ಲುತ್ತದೆ. ಇದಕ್ಕೆ ನನಗೆ ಇಷ್ಟವಾದ ಉದಾಹರಣೆ ಹಂಪೆಯದು. ವಿಜಯನಗರದ ರಾಜಗುರುಗಳಾಗಿದ್ದ ವ್ಯಾಸತೀರ್ಥರು ಕನ್ನಡಕ ಹಾಕಿಕೊಂಡು ತಾಳೆಗರಿ ಓದುತ್ತಿದ್ದ ಪ್ರಸ್ತಾಪ ಅವರ ಜೀವನವನ್ನು ಬರೆದ ಸೋಮನಾಥ ಕವಿಯಲ್ಲಿದೆ. 1520ರ ಸುಮಾರಿನ ಸಂಗತಿ ಎನ್ನುತ್ತಾರೆ. ನಮ್ಮ ದೇಶದಲ್ಲಿ ಕನ್ನಡಕದ ಬಗ್ಗೆ ಸಿಗುವ ಬಹಳ ಹಳೆಯ ಉಲ್ಲೇಖಗಳಲ್ಲಿ ಅದೂ ಒಂದು. ಅವರು ಹುಟ್ಟಿದ್ದು 1447ರಲ್ಲಿ ಎಂದು ಕೆಲವರು, 1460ರ ಸುಮಾರಿಗೆ ಎಂದು ಇನ್ನು ಕೆಲವರು. ಆ ಕನ್ನಡಕವೇ ಇವತ್ತು ಸಿಕ್ಕಿ, ನಮ್ಮ ಯಂತ್ರಕ್ಕಿಟ್ಟು ನಂಬರ್ ತೆಗೆದರೂ ಈ ಜಗಳ ಬಗೆಹರಿಯುವುದಿಲ್ಲ. ಅರವತ್ತಾದರೂ ಎಪ್ಪತ್ತಮೂರಾದರೂ ಬೇಕಾದ ಗಾಜು ಒಂದೇ.

ಹಳ್ಳಿಯಲ್ಲಿ ಇನ್ನೊಂದು ಗೋಜಲಿದೆ. ಮೂಗಿನ ಮೇಲಿನ ಕನ್ನಡಕ ಆ ಮೂಗಿನದ್ದೇ ಆಗಿರಬೇಕೆಂದಿಲ್ಲ. ನಮ್ಮ ಸೋದರತ್ತೆ ಮಾವನವರು ಹೋದ ಮೇಲೆ ಅವರ ಕನ್ನಡಕವನ್ನೇ ಹಾಕಿಕೊಂಡು ಅಕ್ಕಿ ಆರಿಸುತ್ತಿದ್ದರು. ಒಂದು ಕಡ್ಡಿ ಮುರಿದು ದಾರ ಕಟ್ಟಿದ್ದರು. ಆ ಗಾಜು ಹೇಳುತ್ತಿದ್ದದ್ದು ಮಾವನ ವಯಸ್ಸು, ಅದೂ ಅವರು ಅದನ್ನು ಕೊಂಡ ವರ್ಷದ ವಯಸ್ಸು. ರೆಡಿಮೇಡ್ ಮಾರುವವನ ಕಥೆ ಇನ್ನೂ ಚೆನ್ನ. ಅವನು ಮೊದಲು ಕೇಳುವುದೇ "ವಯಸ್ಸೆಷ್ಟು?" ಎಂದು. ನಲವತ್ತೈದು ಎಂದರೆ ಒಂದರದ್ದು, ಐವತ್ತು ಎಂದರೆ ಒಂದೂವರೆಯದ್ದು ಕೊಡುತ್ತಾನೆ. ವಯಸ್ಸು ಕೇಳಿ ಕೊಟ್ಟ ಕನ್ನಡಕದಿಂದ ನಾನು ವಯಸ್ಸು ಊಹಿಸಿದರೆ, ಅಂಗಡಿಯವನಿಗೆ ಆಕೆ ಹೇಳಿದ್ದನ್ನೇ ನನಗೆ ನಾನೇ ಹೇಳಿಕೊಂಡ ಹಾಗಾಯಿತು.

ಊಹೆ ತಪ್ಪಿದಾಗಲೇ ನಾನು ಈಗ ಹೆಚ್ಚು ಎಚ್ಚರವಾಗುತ್ತೇನೆ. ಎಪ್ಪತ್ತರ ಯಜಮಾನರೊಬ್ಬರು ಬಂದು, "ಮೂರು ವರ್ಷದಿಂದ ಕನ್ನಡಕ ಬಿಟ್ಟಿದ್ದೀನಿ, ಬರಿಗಣ್ಣಲ್ಲೇ ಪೇಪರ್ ಓದ್ತೀನಿ, ಬಾದಾಮಿ ತಿಂದ ಫಲ" ಎಂದರು. ಮನೆಯವರೆಲ್ಲ ಹೆಮ್ಮೆಯಿಂದ ನಿಂತಿದ್ದರು. ದೂರದ ಚಾರ್ಟ್ ತೋರಿಸಿದರೆ ಮೇಲಿನ ಎರಡು ಸಾಲು ದಾಟಲಿಲ್ಲ. ಮಸೂರದ ನಡುಭಾಗದಲ್ಲಿ ಪೊರೆ ಬೆಳೆಯುವಾಗ ಬೆಳಕನ್ನು ಬಗ್ಗಿಸುವ ಅದರ ಶಕ್ತಿ ಹೆಚ್ಚಿ ಕಣ್ಣು ಮೈನಸ್ ಕಡೆಗೆ ಜಾರುತ್ತದೆ. ಆ ಮೈನಸ್ಸೇ ಕೆಲಕಾಲ ಓದುವ ಕನ್ನಡಕದ ಕೆಲಸ ಮಾಡುತ್ತದೆ. ಬಾದಾಮಿಯ ವಿಷಯ ನಾನು ಎತ್ತಲಿಲ್ಲ, ಪೊರೆಯ ಆಪರೇಷನ್ನಿಗೆ ಬರೆದುಕೊಟ್ಟೆ.

ಇದಕ್ಕೆ ವಿರುದ್ಧವಾಗಿ, ನಲವತ್ತೆಂಟರ ಒಬ್ಬರು ಒಂದೇ ವರ್ಷದಲ್ಲಿ ಮೂರು ಸಲ ಓದುವ ಕನ್ನಡಕ ಬದಲಾಯಿಸಿ, ಮೂರೂ ಅಂಗಡಿಗಳನ್ನು ಬೈಯುತ್ತಾ ಬಂದಿದ್ದರು. ಆರೋಗ್ಯವಾದ ಮಸೂರ ಆ ವೇಗದಲ್ಲಿ ಓಡುವುದಿಲ್ಲ. ಅಂಥ ಕಡೆ ಕಣ್ಣಿನ ಒತ್ತಡ ನೋಡಬೇಕು, ಕಣ್ಣಿನ ನರ ನೋಡಬೇಕು, ರಕ್ತದ ಸಕ್ಕರೆಯನ್ನೂ ನೋಡಬೇಕು. ಚಾಳೀಸಿನ ಕನ್ನಡಕ ಪದೇ ಪದೇ ಬದಲಾಗುವುದು ಗ್ಲಾಕೋಮದ ಒಂದು ಲಕ್ಷಣ ಎಂದು ನಮ್ಮ ಪಠ್ಯಪುಸ್ತಕಗಳಲ್ಲೇ ಇದೆ. ಅವರಿಗಿದ್ದದ್ದು ಸಕ್ಕರೆ. ಅದು ಏರಿಳಿದಾಗ ನಂಬರೂ ಏರಿಳಿಯುತ್ತದೆ. ಸಕ್ಕರೆ ಹತೋಟಿಗೆ ಬಂದು ಕೆಲವು ವಾರ ಸ್ಥಿರವಾದ ಮೇಲೆಯೇ ಹೊಸ ಕನ್ನಡಕ ಎಂದು ಹೇಳಿ ಕಳಿಸಿದೆ. ನಾಲ್ಕನೆಯ ಅಂಗಡಿಯವನು ಬೈಗುಳದಿಂದ ಬಚಾವಾದ.

ನನ್ನ ಸರದಿ ನಲವತ್ತಮೂರಕ್ಕೆ ಬಂತು. ಎಲ್ಲ ಗೊತ್ತಿದ್ದವನೇ ಆರು ತಿಂಗಳು ಮನೆಯ ಬಲ್ಬನ್ನು ದೂರಿದೆ. ದೂರುವುದಕ್ಕೆ ನೆಪವೂ ಇತ್ತು. ಬಿಸಿಲಿನಲ್ಲಿ ಕಣ್ಣಪಾಪೆ ಕಿರಿದಾಗಿ ಮಸುಕಿನ ಅಕ್ಷರವೂ ಚೂಪಾಗುತ್ತದೆ, ರಾತ್ರಿ ಅದು ಅಗಲವಾದಾಗ ಗುಟ್ಟು ರಟ್ಟಾಗುತ್ತದೆ. ಮಧ್ಯಾಹ್ನ ಜಗಲಿಯಲ್ಲಿ ಓದಿದ ಮಾತ್ರೆಯ ಪಟ್ಟಿಯನ್ನು ರಾತ್ರಿ ಓದಲಾಗದೆ ಹೆಂಡತಿಯ ಕೈಗೆ ಕೊಟ್ಟೆ. ಅವಳು ಏನೂ ಹೇಳದೆ ತಾರೀಖು ಓದಿ, ಪಟ್ಟಿಯನ್ನೂ ನನ್ನನ್ನೂ ನೋಡಿದಳು. ಮೊಬೈಲ್ ಅದಕ್ಕಿಂತ ಮುಂಚೆಯೇ ಹೇಳಿತ್ತು. ಪತ್ರಿಕೆಯನ್ನು ನಲವತ್ತು ಸೆಂಟಿಮೀಟರಿಗೆ ಹಿಡಿಯುವ ನಾವು ಮೊಬೈಲನ್ನು ಮೂವತ್ತರ ಆಸುಪಾಸಿಗೆ ಹಿಡಿಯುತ್ತೇವೆ. ಅದಕ್ಕೆ ಮೂರಕ್ಕಿಂತ ಹೆಚ್ಚು ಡಯಾಪ್ಟರ್ ಬೇಕು.

ಆ ಹೆಂಗಸು ಆರು ವರ್ಷದ ಮೇಲೆ ಅದೇ ಹಳ್ಳಿಯ ಶಿಬಿರಕ್ಕೆ ಮತ್ತೆ ಬಂದರು. ನಾನು ಬರೆದುಕೊಟ್ಟ ನಂಬರಿನ ಕನ್ನಡಕ ಹಾಕಿದ್ದರು, ಫ್ರೇಮ್ ಎರಡನೆಯದ್ದಂತೆ. ಹಣೆಯ ನೋವು ಅಂದೇ ಹೋಯಿತು, ಈಗ ಮತ್ತೆ ಸೂಜಿ ಕಾಟ ಕೊಡುತ್ತಿದೆ ಎಂದರು. ನನ್ನ ಗುರುತು ಹಿಡಿದು, "ವಯಸ್ಸು ನೀವೇ ಹೇಳಿ ಸಾರ್, ನೋಡಾನ" ಎಂದು ನಕ್ಕರು.

ಬಾಯಿ ಮುಚ್ಚಿಕೊಂಡು ಅಳತೆ ತೆಗೆದೆ. ದೂರದ ನಂಬರ್ ಹಾಗೇ ಇತ್ತು. ಕನ್ನಡಕ ಹಾಕಿಕೊಂಡೇ ಅಕ್ಷರವನ್ನು ಹತ್ತಿರ ತಂದರೆ ಇಪ್ಪತ್ತೈದು ಸೆಂಟಿಮೀಟರಿಗೆ ಮಸುಕು. ಅಂದು ಬರಿಗಣ್ಣಲ್ಲಿ ಇದ್ದ ದೂರವೇ ಈಗ ಕನ್ನಡಕದೊಳಗಿನಿಂದ. ಶಕ್ತಿ 5.75ರಿಂದ ನಾಲ್ಕಕ್ಕೆ ಇಳಿದಿತ್ತು. ವರ್ಷಕ್ಕೆ 0.3ರಂತೆ ಆರು ವರ್ಷಕ್ಕೆ ಆಗಬೇಕಾದ ಇಳಿತ 1.8, ಆಗಿದ್ದದ್ದು 1.75. ಅಂದು ಸರಾಸರಿ ಸೂತ್ರ ಆಕೆಯ ವಯಸ್ಸನ್ನು ನಾಲ್ಕೂವರೆ ವರ್ಷ ಹೆಚ್ಚು ತೋರಿಸಿತ್ತು, ಇಂದು ನಲವತ್ತೆಂಟು ಎಂದು ನಾಲ್ಕು ವರ್ಷ ಹೆಚ್ಚು ತೋರಿಸುತ್ತಿದೆ. ನಮ್ಮ ಮನೆಯ ಗೋಡೆ ಗಡಿಯಾರ ಹತ್ತು ನಿಮಿಷ ಮುಂದಿದೆ, ಯಾವಾಗಲೂ ಹತ್ತೇ ನಿಮಿಷ. ಅದನ್ನು ನೋಡಿ ಗಂಟೆ ಹೇಳಿದರೆ ತಪ್ಪುತ್ತೇನೆ, ಅನ್ನಕ್ಕಿಟ್ಟು ಎಷ್ಟು ಹೊತ್ತಾಯಿತೆಂದು ಕೇಳಿದರೆ ತಪ್ಪುವುದಿಲ್ಲ.

ಹೊಲಿಯುವಾಗ ಬಟ್ಟೆಯನ್ನು ಎಷ್ಟು ದೂರಕ್ಕೆ ಹಿಡಿಯುತ್ತೀರಿ ಎಂದು ಟೇಪು ಇಟ್ಟು ನೋಡಿದೆ, ಮೂವತ್ತಮೂರು ಸೆಂಟಿಮೀಟರ್. ಮೂರು ಡಯಾಪ್ಟರ್ ಬೇಕು, ಎರಡು ಆಕೆಯಲ್ಲಿದೆ. ಆಡ್ ಕಾಲಂನಲ್ಲಿ ಪ್ಲಸ್ ಒಂದು ಎಂದು ಬರೆದೆ. ರಿಜಿಸ್ಟರನ್ನು ಹತ್ತಿರ ಎಳೆದುಕೊಂಡು, ಜೇಬಿನಿಂದ ನನ್ನ ಚಾಳೀಸು ತೆಗೆದು ಹಾಕಿಕೊಂಡು, "ಹೇಳಿಮ್ಮ, ಎಷ್ಟು ಬರೀಲಿ?" ಎಂದು ಕೇಳಿದೆ.

"ನಲವತ್ನಾಲ್ಕು ಸಾರ್. ನಿಮ್ದೆಷ್ಟು?"